ಚಿತ್ರಾಳನ್ನು ಕೇಳದೆ ಹಿಡಿದ ವೀಳ್ಯ

ವಳ್ಳೂರಿನ ಮಗ್ಗುಲ ಹಟ್ಟಿಯಲ್ಲಿ ನರಸಪ್ಪ ವೀಳ್ಯ ಹಿಡಿದನೆಂದರೆ ಅಲ್ಲಿಗೆ ಮಾತು ಮುಗಿಯಿತು. ಹೆಣ್ಣು ಕೊಡುವುದಿರಲಿ, ಕುರಿಮಂದೆ ಯಾರ ಹೊಲದಲ್ಲಿ ತಂಗಬೇಕೆಂಬುದಿರಲಿ, ಯಜಮಾನ ಎಲೆಯಡಿಕೆ ತೆಗೆದುಕೊಂಡ ಮೇಲೆ ಒಂದು ನರಪಿಳ್ಳೆಯೂ ಮೀರುವಂತಿಲ್ಲ. ಮಂದೆ ಮೇಯಿಸಿದ ನೆಲದ ತುಂಬ ಸೋಲಾರ್ ಹಲಗೆಗಳು ಎದ್ದು ನಿಂತರೂ ಅವನ ಯಜಮಾನಿಕೆಗೆ ಕುಂದು ಬಂದಿರಲಿಲ್ಲ.

ಆ ಹಲಗೆಗಳನ್ನು ನೋಡಿಕೊಳ್ಳುವ ಕಾಂಟ್ರಾಕ್ಟ್ ಕಂಪನಿಯೊಂದರಲ್ಲಿ ಅವನ ತಂಗಿಯ ಮಗಳು ಚಿತ್ರಾ ಕಂಪ್ಯೂಟರ್ ಮುಂದೆ ಕೂತು ಕರೆಂಟಿನ ಲೆಕ್ಕ ಬರೆಯುತ್ತಿದ್ದಳು. ಹಟ್ಟಿಯಲ್ಲಿ ಹಾಗೆ ಕುರ್ಚಿ ಮೇಲೆ ಕೂತು ದುಡಿದ ಮೊದಲ ಹೆಣ್ಣು ಅವಳು. ಆ ಕುರ್ಚಿ ಮ್ಯಾನೇಜರ್ ಅಶ್ವತ್ಥನ ನೆಂಟರ ಹುಡುಗನಿಗೆ ಬೇಕಾಯಿತು. ಚಿತ್ರಾಳನ್ನು ಹುಲ್ಲು ಕೀಳುವ ಗುಂಪಿಗೆ ಹಾಕಿ ಸಂಬಳವನ್ನೂ ಇಳಿಸಬೇಕೆಂದು ಅವನು ಲೆಕ್ಕ ಹಾಕಿದ. ಹಟ್ಟಿಯವರು ತಿರುಗಿಬಿದ್ದಾರೆಂಬ ಅಳುಕಿತ್ತು. ಅದಕ್ಕೇ ನರಸಪ್ಪನನ್ನು ಆಫೀಸಿಗೆ ಕರೆಸಿ, ಫ್ಯಾನಿನ ಕೆಳಗೆ ಕೂರಿಸಿ, ಸ್ಟೀಲ್ ತಟ್ಟೆಯಲ್ಲಿ ಎಲೆಯಡಿಕೆ ನೀಡಿದ.

"ಯಜಮಾನ್ರೇ, ನಿಮ್ಮ ಹುಡುಗಿಗೆ ಕೆಲಸ ಸ್ವಲ್ಪ ಬದಲಾಯಿಸ್ತೀವಿ, ಸಂಬಳಾನೂ ತುಸು ಕಮ್ಮಿ ಆಗುತ್ತೆ. ನಿಮ್ಮದೊಂದು ಮಾತು ಬಿದ್ದರೆ ಸಾಕು."

ಅಷ್ಟು ದೊಡ್ಡ ಆಫೀಸಿನಲ್ಲಿ ತನ್ನ ಮಾತಿಗೆ ತೂಕ ಬಂತೆಂದು ನರಸಪ್ಪನ ಎದೆ ಉಬ್ಬಿತು. "ಆಗ್ಲಿ ಬುಡಿ ಸೋಮಿ" ಎಂದು ಎರಡು ಕೈಯಲ್ಲೂ ವೀಳ್ಯ ಹಿಡಿದ.

ಹುಲ್ಲಿನ ಗುಂಪಿಗೆ ಬಿದ್ದ ದಿನ ಸಂಜೆ ಚಿತ್ರಾ ಕುಡುಗೋಲು ಹಿಡಿದು ಬಂದು ಅತ್ತಳು. ನಾನೇ ಒಪ್ಪಿದೆ ಎನ್ನಲಾರದೆ ನರಸಪ್ಪ, "ಮಾನಗೆಟ್ಟ ಮುಂಡೇವು!" ಎಂದು ಕಂಪನಿಯನ್ನೇ ಬೈದ. "ಮಾವ, ಮಧುಗಿರೀಲಿ ಲೇಬರ್ ಆಫೀಸಿಗೆ ಅರ್ಜಿ ಕೊಡ್ತೀನಿ, ನೀನೂ ಬಾ" ಎಂದು ಅವಳು ಕರೆದಾಗ ತಲೆಯಾಡಿಸಿದ. ತಾನು ತೋಡಿದ ಹಳ್ಳಕ್ಕೆ ತಾನೇ ಮುಂದಾಗಿ ನಡೆದಂತೆ.

ಎರಡೂ ಕಡೆಯವರನ್ನು ವಿಚಾರಣೆಗೆ ಕರೆದ ದಿನ ಮಧುಗಿರಿಯ ಕಚೇರಿಯಲ್ಲಿ ಕಾರ್ಮಿಕ ನಿರೀಕ್ಷಕಿ ಪುಷ್ಪಾವತಿ ಚಿತ್ರಾಳ ನೇಮಕದ ಪತ್ರ ಓದಿದರು.

"ಕಂಪನಿ ಅಗತ್ಯ ಬಿದ್ದಾಗ ಬೇರೆ ಕೆಲಸಕ್ಕೆ ಹಾಕಬಹುದು ಅಂತ ಇದರಲ್ಲಿದೆಯಮ್ಮ. ಇದೇ ದರ್ಜೆಯ ಕೆಲಸ, ಇದೇ ಸಂಬಳ ಅಂದರೆ ನಿನ್ನ ಒಪ್ಪಿಗೆ ಕೇಳಬೇಕಿಲ್ಲ. ಆದರೆ ಅಶ್ವತ್ಥ ಅವರೇ, ಲೆಕ್ಕ ಬರೆಯೋಳನ್ನ ಹುಲ್ಲು ಕೀಳೋಕೆ ಇಳಿಸಿ ಸಂಬಳ ಕತ್ತರಿಸೋಕೆ ಇದರಲ್ಲಿ ದಾರಿ ಇಲ್ಲ. ಅದಕ್ಕೆ ಅವಳೇ ಒಪ್ಪಬೇಕು. ಕಾರ್ಮಿಕರ ಸಂಬಳ ಬದಲಾಯಿಸೋಕೆ ಇಪ್ಪತ್ತೊಂದು ದಿನ ಮುಂಚೆ ನೋಟಿಸನ್ನೂ ಕೊಡಬೇಕಿತ್ತು. ಕೊಟ್ರಾ?"

"ಒಪ್ಪಿಗೆ ಇದೆ ಮೇಡಂ" ಎಂದ ಅಶ್ವತ್ಥ ನರಸಪ್ಪನತ್ತ ಬೆರಳು ತೋರಿಸಿದ. "ಇವರ ಹಟ್ಟೀಲಿ ಯಜಮಾನರ ಮಾತೇ ಮಾತು. ಎಲೆಯಡಿಕೆ ತಗೊಂಡು ಇವರೇ ಒಪ್ಪಿದಾರೆ, ಕೇಳಿ."

ಚಿತ್ರಾ ಮಾವನ ಮುಖ ನೋಡಿದಳು. ನರಸಪ್ಪನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಸಂಬಳ ಇವಳದು, ಒಪ್ಪೋಳೂ ಇವಳೇ" ಎಂದರು ಪುಷ್ಪಾವತಿ. "ಯಜಮಾನರೇ, ಒಂದು ವೇಳೆ ಇವಳೇ ನಿಮ್ಮನ್ನ ಕಳಿಸಿ, ನನ್ನ ಪರವಾಗಿ ಒಪ್ಪಿ ಬಾ ಅಂದಿದ್ದರೆ ಮಾತು ಬೇರೆ. ಕಳಿಸಿದ್ದಳಾ ಹೇಳಿ."

ಹೂಂ ಎಂದರೆ ಯಜಮಾನನ ಮಾತು ಉಳಿಯುತ್ತದೆ, ಹುಡುಗಿಯ ಕುರ್ಚಿ ಹೋಗುತ್ತದೆ. ಊಹೂಂ ಎಂದರೆ ತನ್ನ ಹಟ್ಟಿಯ ಹೆಣ್ಣಿನೆದುರು, ಕಚೇರಿಯವರೆದುರು ಯಜಮಾನಿಕೆ ಗಾಳಿಗೆ ಹಾರುತ್ತದೆ. ಹೆಗಲ ಟವಲು ಕೈಗೆ ಬಂತು. ಅದನ್ನು ಹಿಂಡಿದ, ಬಿಡಿಸಿದ.

"ಇಲ್ಲ ತಾಯಿ. ಇವ್ಳನ್ನ ಕೇಳ್ಲೇ ಇಲ್ಲ. ನನ್ನ ದೊಡ್ಡಸ್ತಿಕೆಗೆ ಒಪ್ಕೊಂಡುಬುಟ್ಟೆ. ಆಮೇಲೆ ಹೇಳಕ್ಕೆ ನಾಚಿಕೆ ಆಗಿ ಬಾಯಿ ಮುಚ್ಕೊಂಡಿದ್ದೆ."

"ಏನ್ ಯಜಮಾನ್ರೀ, ಎಲೆಯಡಿಕೆ ಹಿಡಿದು ಮಾತು ತಪ್ಪೋದಾ?" ಎಂದು ಅಶ್ವತ್ಥ ಕೊಂಕು ನಗೆ ನಕ್ಕ.

"ತಪ್ಪಿದೀನಿ ಸೋಮಿ. ನಂದಲ್ಲದ್ದ ಕೊಟ್ಟೆನಲ್ಲ, ಅದು ಮೊದಲ ತಪ್ಪು."

ಪುಷ್ಪಾವತಿ ಅಶ್ವತ್ಥನತ್ತ ತಿರುಗಿದರು. "ಇಲ್ಲೇ ಸರಿ ಮಾಡ್ತೀರೋ, ತುಮಕೂರಿಗೆ ರಾಜಿ ಸಂಧಾನಕ್ಕೆ ಕಳಿಸಲೋ? ಅಲ್ಲೂ ಮುಗೀದಿದ್ದರೆ ಕೋರ್ಟು."

ಅಶ್ವತ್ಥ ಹೊರಗೆ ಹೋಗಿ ಯಾರಿಗೋ ಫೋನು ಮಾಡಿ ಬಂದ. ಕತ್ತರಿಸಿದ್ದನ್ನು ಹಿಂದಕ್ಕೆ ಕೊಡುವುದಾಗಿಯೂ, ಹಳೆಯ ಸಂಬಳದಲ್ಲೇ ಚಿತ್ರಾಳನ್ನು ಸ್ಟೋರಿನ ಲೆಕ್ಕಕ್ಕೆ ಹಾಕುವುದಾಗಿಯೂ ಬರೆದುಕೊಟ್ಟ. ಸ್ಟೋರು ಅದೇ ದರ್ಜೆಯ ಕೆಲಸ, ತಕರಾರಿಗೆ ಎಡೆಯಿಲ್ಲ ಎಂದು ನಿರೀಕ್ಷಕಿ ವಿವರಿಸಿದರು. ಚಿತ್ರಾ ಓದಿ, ಇನ್ನೊಮ್ಮೆ ಓದಿ, ಸಹಿ ಹಾಕಿದಳು.

ಊರಿಗೆ ಮರಳುವ ಪಾವಗಡದ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು.

"ನಿನ್ ಸಂಬಳ ಬಂತಲ್ಲ ಮಗಾ" ಎಂದ ನರಸಪ್ಪ.

"ಬಂತು ಮಾವ. ಆದ್ರೆ ನೀನು ಬಂದು, ಹಿಂಗೈತೆ ಕಣವ್ವ, ಏನಂತೀಯಾ ಅಂದಿದ್ರೆ, ನಿನ್ ಮುಖ ನೋಡ್ಕೊಂಡು ಒಪ್ಕೊಂತಿದ್ನೋ ಏನೋ. ನೀನು ಕೇಳ್ಲೇ ಇಲ್ವಲ್ಲ."

ನರಸಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. ಕಂಡಕ್ಟರು ಬಂದು "ಎಲ್ಲಿಗೆ ಯಜಮಾನ್ರೇ?" ಎಂದ. ಆ ಕರೆಗೆ ಅವನಿಗೆ ಓಗೊಡಲಾಗಲಿಲ್ಲ. ಚಿತ್ರಾಳೇ ಊರಿನ ಹೆಸರು ಹೇಳಿದಳು.