ಗಾಳಿ ನಿಂತ ಕೆರೆ

ನಮ್ಮ ಮಾವನವರಿಗೆ ಎರಡು ವಿಷಯಗಳಲ್ಲಿ ಅಪಾರ ನಂಬಿಕೆ: ಪ್ರಾಣಾಯಾಮ ಮತ್ತು ಯೂರಿಯಾ. ಮೊದಲನೆಯದು ತಮ್ಮ ಅಂಗಡಿಯನ್ನು ಮಕ್ಕಳಿಗೆ ವಹಿಸಿಕೊಟ್ಟ ಮೇಲೆ ಕಲಿತದ್ದು. ಎರಡನೆಯದು ಊರು ಬಿಟ್ಟು ಬರುವಾಗ ಅವರ ಜೊತೆಯಲ್ಲೇ ಬಂದದ್ದು. ಮಲ್ಲೇಶ್ವರದ ನಮ್ಮ ಮನೆಯ ಮುಂದೆ ಹೊಲವೆಲ್ಲಿ ಬರಬೇಕು? ನಾಲ್ಕಾರು ಹೂವಿನ ಕುಂಡಗಳಿವೆ, ಅಷ್ಟೆ. ಆದ್ದರಿಂದ ಮನೆಯ ಹತ್ತಿರದ ಕೆರೆಯ ಏರಿಯ ಮೇಲಿನ ಹುಲ್ಲುಹಾಸನ್ನೇ ಅವರು ತಮ್ಮ ಜಮೀನು ಮಾಡಿಕೊಂಡಿದ್ದರು. ಕೆರೆಯ ಸುತ್ತ ವಾಕಿಂಗ್ ಮಾಡುವವರ ಸಂಘಕ್ಕೆ ಅವರೇ ಅಧ್ಯಕ್ಷರು, ಎದುರಾಡುವವರು ಯಾರೂ ಇರಲಿಲ್ಲ.

ಎದುರಾಡುತ್ತಿದ್ದವಳು ನಾನೊಬ್ಬಳೇ, ಅದೂ ಮನೆಯೊಳಗೆ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ವಿದ್ಯಾರ್ಥಿಗಳ ಪ್ರಾಜೆಕ್ಟಿಗೆಂದು ಆ ಕೆರೆಯ ನೀರಿನಲ್ಲಿ ಎಷ್ಟು ಆಮ್ಲಜನಕ ಕರಗಿದೆ ಎಂದು ಅಳೆಯುವ ಮೀಟರು ಹಿಡಿದು ಆಗಾಗ ಹೋಗುತ್ತಿದ್ದೆ. ಅಲ್ಲೇ ಪರಿಚಯವಾದವಳು ಮೀನಿನ ಅಕ್ಕ. ಅವಳೂ ಗಂಡನೂ ಆ ಕೆರೆಯಲ್ಲಿ ಮೀನು ಸಾಕುವ ಟೆಂಡರ್ ಹಿಡಿದಿದ್ದರು. ಕಾಟ್ಲಾ, ರೋಹು ಮರಿಗಳನ್ನು ಬಿಟ್ಟು, ಅವು ಮೊಳಕೈಯುದ್ದ ಬೆಳೆಯುವುದನ್ನು ದಿನವೂ ನಿಂತು ನೋಡುತ್ತಿದ್ದಳು.

ಕೆರೆಯ ಮಧ್ಯೆ ನೀರನ್ನು ಚಿಮ್ಮಿಸಿ ಗಾಳಿ ಬೆರೆಸುವ ಒಂದು ಯಂತ್ರವಿತ್ತು. ರಾತ್ರಿಯಿಡೀ ಗುಂಯ್ ಎನ್ನುತ್ತಿತ್ತು. ಮಾವನವರ ಪ್ರಾಣಾಯಾಮದ ಗುಂಪು ಇನ್ನೂ ಕತ್ತಲಿರುವಾಗಲೇ ಕೆರೆಯ ಮೆಟ್ಟಿಲ ಮೇಲೆ ಕೂರುತ್ತಿತ್ತು. ಆ ಸದ್ದಿಗೆ ಮನಸ್ಸು ನಿಲ್ಲುವುದಿಲ್ಲವಂತೆ. ಸಂಘದಿಂದ ಪಾಲಿಕೆಗೆ ಅರ್ಜಿ ಹೋಯಿತು, ಓಡಾಟ ನಡೆಯಿತು. ಕೊನೆಗೆ ಗುಂಪು ಬಂದಾಗಿನಿಂದ ಬಿಸಿಲು ಬೀಳುವವರೆಗೆ ಯಂತ್ರ ನಿಲ್ಲಿಸುವುದೆಂದು ತೀರ್ಮಾನವಾಗಿ, ಸ್ವಿಚ್ಚಿನ ಕೋಣೆಯ ಬೀಗದಕೈ ಮಾವನವರ ಜುಬ್ಬಾದ ಜೇಬಿಗೆ ಬಂದು ಸೇರಿತು.

"ಮಾವ, ಹಗಲು ಬೇಕಾದ್ರೆ ನಿಲ್ಸಿ. ಬೆಳಗಿನ ಜಾವ ಮಾತ್ರ ನಿಲ್ಸಬೇಡಿ" ಎಂದೆ. "ಪಾಚಿ ಬಿಸಿಲಿದ್ದಾಗ ಆಮ್ಲಜನಕ ಕೊಡುತ್ತೆ ನಿಜ. ಆದ್ರೆ ರಾತ್ರಿ ಅದೂ ಉಸಿರಾಡುತ್ತಲ್ಲ, ನೀರಲ್ಲಿರೋದನ್ನ ತಾನೇ ಖರ್ಚು ಮಾಡುತ್ತೆ. ಬೆಳಗಾಗೋ ಹೊತ್ತಿಗೆ ಮೀನಿಗೆ ಅಂತ ಏನೂ ಉಳ್ದಿರಲ್ಲ."

"ಕೆರೆಯಲ್ಲಿರೋದಕ್ಕೆ ಗಾಳಿ ಕೊಡೋಕೆ ನಾವ್ಯಾರಮ್ಮ? ದೇವರು ನೋಡ್ಕೋತಾನೆ" ಎಂದು ನಕ್ಕರು. ದೇವರ ಕೆರೆಗೆ ಯಾರ ಮನೆಯ ಕಕ್ಕಸಿನ ನೀರು ಬರುತ್ತಿದೆ ಎಂದು ಕೇಳಬೇಕೆನಿಸಿತು. ಸೊಸೆಯಾದವಳು ಕೆಲವನ್ನು ನುಂಗಿಕೊಳ್ಳಬೇಕು, ನುಂಗಿಕೊಂಡೆ.

ಶ್ರಾವಣ ಬಂತು. ಸ್ವಾತಂತ್ರ್ಯ ದಿನದ ಧ್ವಜಾರೋಹಣಕ್ಕೆ ಏರಿ ಹಸಿರಾಗಿ ಕಾಣಬೇಕೆಂದು ಮಾವನವರು ಮುಂದೆ ನಿಂತು ಹುಲ್ಲಿಗೆಲ್ಲ ಯೂರಿಯಾ, ಡಿಎಪಿ ಚೆಲ್ಲಿಸಿದರು. ಮರುದಿನವೇ ಜೋರು ಮಳೆ. ಗೊಬ್ಬರದಲ್ಲಿ ಹುಲ್ಲಿಗೆ ಸಿಕ್ಕಿದ್ದು ಸ್ವಲ್ಪ, ಮಿಕ್ಕಿದ್ದು ಇಳಿಜಾರಿನಲ್ಲಿ ತೊಳೆದುಕೊಂಡು ಕೆರೆಗೆ ಹೋಯಿತು. ಅದೇ ಮಳೆಗೆ ಮೇಲಿನ ರಸ್ತೆಯ ಮ್ಯಾನ್‌ಹೋಲ್ ಉಕ್ಕಿ, ಒಳಚರಂಡಿಯ ನೀರು ಮಳೆನೀರಿನ ರಾಜಕಾಲುವೆಗೆ ಬಿದ್ದು, ಕಪ್ಪಗೆ ನೊರೆಯಾಗಿ ಕೆರೆಗೆ ಬಂದು ಸೇರಿತು. ಹುಲ್ಲಿಗೆ ಆಹಾರವಾಗುವುದು ಪಾಚಿಗೂ ಆಹಾರ, ಅದು ಭೇದ ಮಾಡುವುದಿಲ್ಲ. ಮಳೆ ಬಿಟ್ಟು ಬಿಸಿಲು ಕಾದದ್ದೇ ತಡ, ವಾರ ಕಳೆಯುವುದರೊಳಗೆ ನೀರಿನ ಮೇಲೆ ಯಾರೋ ಹಸಿರು ಪೇಂಟು ಸುರಿದ ಹಾಗಾಯಿತು. ದಡದಲ್ಲಿ ಅದು ಕೆನೆಗಟ್ಟಿ ನಾರತೊಡಗಿತು.

"ನೋಡಮ್ಮ, ಏರಿ ಅಷ್ಟೇ ಅಲ್ಲ, ಕೆರೆನೂ ಹಸಿರಾಯ್ತು" ಎಂದರು ಮಾವ. ನನಗೆ ಮೈ ಉರಿಯಿತು. ಸಂಜೆ ನೀರಿಗಿಳಿಸಿದ ಮೀಟರು ಬೇಕಾದಷ್ಟು ಆಮ್ಲಜನಕ ತೋರಿಸುತ್ತಿತ್ತು. ಅದೇ ಜಾಗದಲ್ಲಿ ಬೆಳಿಗ್ಗೆ ಇಳಿಸಿದರೆ ಪಾತಾಳ. ಆ ವ್ಯತ್ಯಾಸ ದಿನದಿಂದ ದಿನಕ್ಕೆ ಹೆಚ್ಚುತ್ತಿತ್ತು.

ಮೀನಿನ ಅಕ್ಕನಿಗೆ ಹೇಳಿದೆ, ಈಗಲೇ ಬಲೆ ಹಾಕಿಬಿಡು ಎಂದು. ಅವಳು ನೀರನ್ನೇ ನೋಡುತ್ತಾ ನಿಂತಳು. "ನಂಗೂ ಭಯ ಆಗ್ತಿದೆ ಮೇಡಂ. ಆದ್ರೆ ಶ್ರಾವಣದಲ್ಲಿ ಯಾರು ಮೀನು ತಗೋತಾರೆ? ಗಣೇಶನ್ನ ಬಿಡೋವರ್ಗೂ ತರಬೇಡ ಅಂತ ಮಾರ್ಕೆಟ್‌ನವ್ರು ಹೇಳ್ಬಿಟ್ಟವ್ರೆ. ಆಮೇಲೆ ಒಂದೇ ಸಲ ಎತ್ತೋಣ ಅಂತ ಕಾಯ್ತಿದೀವಿ. ವರ್ಷದ ಅನ್ನ ಎಲ್ಲಾ ಇದ್ರಲ್ಲೇ ಇರೋದು."

ಆಮೇಲೆ ಮೋಡ ಕವಿಯಿತು. ದಿನಗಟ್ಟಲೆ ಸೂರ್ಯನ ಮುಖವಿಲ್ಲ, ಗಾಳಿಯೂ ಇಲ್ಲ. ಬಿಸಿಲಿಲ್ಲದೆ ಪಾಚಿಯಿಂದ ಹಗಲಲ್ಲಿ ಬರುತ್ತಿದ್ದ ಆಮ್ಲಜನಕವೂ ಕಡಿಮೆಯಾಯಿತು. ದಡದ ಪಾಚಿ ಕಂದುಬಣ್ಣಕ್ಕೆ ತಿರುಗಿ ಸಾಯತೊಡಗಿತ್ತು. ಸತ್ತದ್ದು ಕೊಳೆಯುವುದಕ್ಕೂ ಆಮ್ಲಜನಕ ಬೇಕು. ಊಟಕ್ಕೆ ಕೂತಾಗ ಮಾವನವರ ಕೈ ಹಿಡಿದುಕೊಂಡಂತೆ ಕೇಳಿಕೊಂಡೆ, "ಈ ಮೋಡ ಹೋಗೋವರ್ಗಾದ್ರೂ ಆ ಮಿಷನ್ ನಿಲ್ಸಬೇಡಿ, ಮಾವ. ಮೀನೆಲ್ಲ ಸತ್ಹೋಗುತ್ವೆ."

"ಆಗ್ಲಮ್ಮ, ಆಗ್ಲಿ. ನಾಳೆ ಒಂದು ದಿನ ಬಿಡು, ಬಸವನಗುಡಿ ಗುಂಪಿನವರು ನಮ್ಮನ್ನ ನೋಡೋಕೆ ಬರ್ತಿದಾರೆ. ನಾಡಿದ್ದಿಂದ ನಿಲ್ಸಲ್ಲ" ಎಂದರು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಮೀಟರು ಹಿಡಿದು ಕೆರೆಗೆ ಓಡಿದೆ. ಗೇಟಿನ ಬಳಿಯೇ ತಿಳಿಯಿತು, ಗುಂಯ್ ಎನ್ನುವ ಸದ್ದಿಲ್ಲ. ಮೆಟ್ಟಿಲ ಮೇಲೆ ಎರಡೂ ಬಡಾವಣೆಯವರು ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ ಕೂತಿದ್ದಾರೆ. ಅವರ ಮುಂದಿನ ನೀರಿನಲ್ಲಿ, ಕಣ್ಣು ಹಾಯುವಷ್ಟು ದೂರ, ಬರೀ ಬಾಯಿಗಳು. ದೊಡ್ಡ ದೊಡ್ಡ ಮೀನುಗಳು ಮೂತಿ ಮೇಲೆತ್ತಿ, ಪಾಚಿಯ ನಡುವೆ ಬಾಯಿ ತೆರೆದು ಮುಚ್ಚಿ, ಸದ್ದು ಮಾಡುತ್ತಾ ಗಾಳಿ ಎಳೆಯುತ್ತಿವೆ. ನಾನು ಅಷ್ಟು ಹೆದರಿದ್ದು ಜೀವನದಲ್ಲಿ ಕಡಿಮೆ.

ಬಸವನಗುಡಿಯ ಒಬ್ಬ ಹೆಂಗಸು ಕಣ್ಣು ಬಿಟ್ಟಳು. "ಅಯ್ಯೋ ನೋಡ್ರೀ, ಎಷ್ಟೊಂದು ಮೀನು ಬಂದ್ಬಿಟ್ಟಿವೆ! ಪಾಪ, ಹಸಿದಿರ್ಬೇಕು" ಎಂದು ಚೀಲದಿಂದ ಕಡಲೆಪುರಿ ತೆಗೆದು ಎರಚಿದಳು. ಉಳಿದವರೂ ಎದ್ದು ಎರಚತೊಡಗಿದರು. ಒಂದು ಮೀನೂ ಪುರಿ ಮುಟ್ಟಲಿಲ್ಲ.

"ಬೀಗದಕೈ ಕೊಡಿ!" ಎಂದು ಕಿರುಚಿದೆ. ಮಾವ ಎಂದು ಕೂಡ ಅನ್ನಲಿಲ್ಲ. ಅವರು ಜೇಬು ತಡಕಿ ಬೀಗದಕೈ ತೆಗೆದರು. ಕಸಿದುಕೊಂಡು ಹೋಗಿ ಸ್ವಿಚ್ಚು ಹಾಕಿದೆ. ಯಂತ್ರ ಚಿಮ್ಮಿಸಿದ ನೀರಿನ ಸುತ್ತ ಒಂದಷ್ಟು ಮೀನು ಗುಂಪುಗಟ್ಟಿದವು. ಅಷ್ಟು ದೂರ ಈಜಲು ಶಕ್ತಿಯಿಲ್ಲದವು ಇದ್ದಲ್ಲೇ ಅಡ್ಡಬಿದ್ದು ಹೊಟ್ಟೆ ತೋರಿಸಿದವು. ಮೊದಲು ಹೋದದ್ದು ದೊಡ್ಡವೇ, ಅವಳು ಮಾರಬೇಕೆಂದಿದ್ದವು.

ಯಾರೋ ಫೋನು ಮಾಡಿರಬೇಕು, ಮೀನಿನ ಅಕ್ಕ ಗಂಡನ ಸ್ಕೂಟರಿನ ಹಿಂದೆ ಕೂತು ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದು, ಒಂದು ಕಾಟ್ಲಾವನ್ನು ಎರಡೂ ಕೈಯಲ್ಲಿ ಹಿಡಿದು ನೀರಿನಲ್ಲಿ ಹಿಂದೆ ಮುಂದೆ ಆಡಿಸಿದಳು, ಕಿವಿರಿಗೆ ನೀರು ಹೋಗಲಿ ಎಂದು. ಅದು ಅಲುಗಲಿಲ್ಲ. ಅದನ್ನು ಬಿಟ್ಟು ಇನ್ನೊಂದನ್ನು ಹಿಡಿದಳು. ಅವಳ ಗಂಡ "ಸಾಕು ಬಾರೇ" ಎಂದು ಕರೆಯುತ್ತಲೇ ಇದ್ದ.

ಮಧ್ಯಾಹ್ನ ಪಾಲಿಕೆಯ ಲಾರಿ ಬಂತು. ಸತ್ತ ಮೀನನ್ನು ತುಂಬಿಕೊಂಡು ಹೋದರು, ದಡಕ್ಕೆ ಬ್ಲೀಚಿಂಗ್ ಪುಡಿ ಎರಚಿದರು. ಮೋಡ ಹಾಗೆಯೇ ಇತ್ತು, ರಾಜಕಾಲುವೆಯಿಂದ ಕಪ್ಪು ನೀರು ಇನ್ನೂ ಬರುತ್ತಿತ್ತು. ಪಾಚಿಯನ್ನು ಯಾರೂ ಮುಟ್ಟಲಿಲ್ಲ.

ಮನೆಯಲ್ಲಿ ಮಾವ ಊಟ ಮಾಡಲಿಲ್ಲ. ಸಂಜೆ ನಾನು ಕಾಫಿ ಇಟ್ಟು ತಿರುಗಿದಾಗ, "ನಂಗೆ ಕೇಳಿಸ್ತಿತ್ತಮ್ಮ" ಎಂದರು.

"ಏನು ಮಾವ?"

"ಬೆಳಿಗ್ಗೆ, ಕಣ್ಣು ಮುಚ್ಕೊಂಡಿದ್ದಾಗ. ಎಲ್ಲಾ ಕಡೆಯಿಂದ ಉಸಿರು ಎಳೆಯೋ ಸದ್ದು. ನಮ್ಮವರು ಇವತ್ತು ಎಷ್ಟು ಚೆನ್ನಾಗಿ ಮಾಡ್ತಿದಾರೆ ಅಂದ್ಕೊಂಡೆ."