ದಡಬಡ ಸೊಸೆ, ಸಣ್ಣ ಉರಿ

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ದಡಬಡಿ ಅಂತ. ತವರಲ್ಲೇ ಬಿದ್ದ ಹೆಸರು. ಗಂಡನ ಮನೆಗೆ ಬರುವಾಗ ಟ್ರಂಕಿನ ಜೊತೆ ಅದೂ ಬಂತು. ನಡೆದರೆ ಓಟ, ಕೂತರೆ ತುದಿಗಾಲು. ಹಾಲು ಕಾಯಿಸೋಕೆ ಇಟ್ಟರೆ ಉರಿ ಪೂರ್ತಿ. ಉಕ್ಕಿದರೆ ಒರೆಸಿದರಾಯಿತು, ಪಾತ್ರೆ ಮುಂದೆ ಕಾವಲು ನಿಲ್ಲೋಕೆ ಯಾರ ಕೈಲಾಗುತ್ತೆ ಅನ್ನುವ ಪೈಕಿ. ಹಾಗಂತ ಮೈಗಳ್ಳಿಯಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ನಾಲ್ಕು ಜನರ ಕೆಲಸವನ್ನು ಒಬ್ಬಳೇ ಮಾಡುತ್ತಿದ್ದಳು. ಅದರಲ್ಲಿ ಅರ್ಧವನ್ನು ಇನ್ನೊಮ್ಮೆ ಮಾಡಬೇಕಾಗುತ್ತಿತ್ತು, ಅಷ್ಟೆ.

ಇಂಥವಳು ಸೊಸೆಯಾಗಿ ಬಂದು ಸೇರಿದ್ದು ಕಚೋರಿ ಅಂಗಡಿಗೆ. ದೇವರಿಗೂ ಒಮ್ಮೊಮ್ಮೆ ಹೊತ್ತು ಹೋಗಬೇಕಲ್ಲ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಮುಂದೆ ಶಟರ್ ಇರುವ ಒಂದು ಕೋಣೆ, ಹಿಂದೆ ಇನ್ನೊಂದು ಪುಟ್ಟದು, ಮೇಲೆ ಮನೆ. ಹಿಟ್ಟು ಕಲಸುವುದು, ಪಾತ್ರೆ, ಗಿರಾಕಿಗಳ ಬಾಯಿ, ಎಲ್ಲ ದಡಬಡಿಯ ಪಾಲು. ಹೂರಣ ಹುರಿಯುವುದು ಮತ್ತು ಬಾಣಲೆ ಮಾತ್ರ ಅತ್ತೆಯದು. ಒಲೆಯ ಮುಂದೆ ಮರದ ಸ್ಟೂಲ್ ಹಾಕಿಕೊಂಡು ಆ ಮುದುಕಿ ಕೂತರೆ, ಕಚೋರಿ ಎಣ್ಣೆಯಲ್ಲಿ ಇದೆಯೋ ನಿದ್ದೆ ಮಾಡುತ್ತಿದೆಯೋ ಗೊತ್ತಾಗುತ್ತಿರಲಿಲ್ಲ. ಅಷ್ಟು ಸಣ್ಣ ಉರಿ. "ಎಣ್ಣೆ ಮಾತಾಡಬಾರದು ಕಣೇ, ಪಿಸುಗುಟ್ಟಬೇಕು" ಅನ್ನುವುದು ಅವಳ ಮಾತು. ಅದಕ್ಕಿಂತ ಹೆಚ್ಚು ಹೇಳಿಕೊಡುವುದು ಅವಳಿಗೆ ಬರುತ್ತಿರಲಿಲ್ಲ. ಕೈಗೆ ಗೊತ್ತಿದ್ದದ್ದನ್ನು ಬಾಯಿಗೆ ತರುವುದು ಎಲ್ಲರಿಗೂ ಸಾಧ್ಯವೇ?

ಹೀಗಿರುವಾಗ ಅತ್ತೆಯ ಕಣ್ಣು ಮಂಜಾಯಿತು. ಮೊದಮೊದಲು ದೀಪದ್ದು ದೋಷ ಅಂದಳು, ಆಮೇಲೆ ಹೊಗೆಯದ್ದು ಅಂದಳು. ಕೊನೆಗೆ ಒಂದು ದಿನ ಚಿಲ್ಲರೆಯ ಡಬ್ಬಿ ಅಂದುಕೊಂಡು ಉಪ್ಪಿನ ಡಬ್ಬಿಗೆ ಕೈ ಹಾಕಿದಾಗ ಮಗ ಕೇಳಲಿಲ್ಲ, ಕರೆದುಕೊಂಡು ಹೋದ. ಕಣ್ಣಿನ ಡಾಕ್ಟರು ನೇರವಾಗಿಯೇ ಹೇಳಿದರು: ಪೊರೆ ಪೂರ್ತಿ ಬಲಿತಿದೆ, ಒಳಗೆ ಒತ್ತಡ ಏರುತ್ತಿದೆ, ಈ ತಿಂಗಳು ದಾಟಿಸಬೇಡಿ, ಒತ್ತಡದಿಂದ ಹೋದ ದೃಷ್ಟಿ ಆಪರೇಷನ್ ಮಾಡಿದರೂ ವಾಪಸ್ ಬರಲ್ಲ. ಆಮೇಲೆ ಕೆಲವು ವಾರ ಒಲೆಯ ಹತ್ತಿರ ಸುಳಿಯುವಂತಿಲ್ಲ.

ಕೊನೆಯ ಮಾತು ಕೇಳಿದ್ದೇ ಮುದುಕಿ ಎದ್ದು ನಿಂತಳು.

"ಹಾಗಾದ್ರೆ ಬೇಡ. ಬಾಣಲೆ ಮುಂದೆ ಯಾರು ಕೂರ್ತಾರೆ?"

"ನಾನಿದ್ದೀನಲ್ಲ ಅತ್ತೆ" ಅಂದಳು ದಡಬಡಿ.

"ನೀನಿದ್ದೀಯ ಅಂತಾನೇ ಕಣೇ ನಂಗೆ ಭಯ."

ಮನೆಗೆ ಬಂದ ಮೇಲೆ ಮಗ ಗೋಗರೆದ. "ಅಮ್ಮಾ, ಅಂಗಡಿ ಒಂದು ತಿಂಗಳು ಮುಚ್ಚಿದ್ರೆ ಏನಾಗುತ್ತೆ?" ಮುಚ್ಚಿದ ಬಾಗಿಲು ನೋಡಿ ಅಭ್ಯಾಸವಾದ ಗಿರಾಕಿ ತೆರೆದ ಮೇಲೂ ಬರಲ್ಲ ಅಂತ ಮುದುಕಿ ಪಟ್ಟು ಹಿಡಿದಳು. ಕಣ್ಣು ಹೋದರೆ ಕಿವಿಯಲ್ಲಿ ಕರಿಯುತ್ತೇನೆ ಅಂದಳು. ಹಠಕ್ಕೆ ಮದ್ದಿಲ್ಲ. ಎರಡು ದಿನ ಅನ್ನ ಬಿಟ್ಟು ಕೂತ ಮುದುಕಿ ಕೊನೆಗೆ ಒಂದು ಷರತ್ತಿಗೆ ಇಳಿದಳು: ಹೂರಣ ಹುರಿಯುವುದರಿಂದ ಕರಿಯುವವರೆಗೆ ಎಲ್ಲವನ್ನೂ ಸೊಸೆಯೇ ಮಾಡಬೇಕು. ಒಂದು ಬಾಣಲೆ ತುಂಬ ಕಚೋರಿ, ಒಂದೂ ಒಡೆಯಬಾರದು, ಒತ್ತಿದರೆ ಹೊರಗಿನ ಸಿಪ್ಪೆ ಪದರಪದರವಾಗಿ ಪುಡಿಯಾಗಬೇಕು. ಅಂಥ ಒಂದು ಬಾಣಲೆ ಇಳಿದ ದಿನ ಆಸ್ಪತ್ರೆ. ಇಲ್ಲದಿದ್ದರೆ ಇಲ್ಲ.

ಅಂದರೆ ಮುದುಕಿಯ ಕಣ್ಣು ದಡಬಡಿಯ ಕೈಯಲ್ಲಿ. ಅವಳ ಕೈಯಲ್ಲಿ ಗಾಜಿನ ಲೋಟವೂ ಬಾಳುತ್ತಿರಲಿಲ್ಲ.

ಮಧ್ಯಾಹ್ನ ಶಟರ್ ಅರ್ಧ ಇಳಿದಿರುವ ಹೊತ್ತಿನಲ್ಲಿ ಪರೀಕ್ಷೆ ಶುರುವಾಯಿತು. ಮೊದಲ ದಿನದ್ದನ್ನು ಹೇಳುವುದೇ ಬೇಡ. ಎಣ್ಣೆ ಹೊಗೆಯಾಡುವಷ್ಟು ಕಾದಿತ್ತು. ಹಾಕಿದ ಕ್ಷಣವೇ ಮೈತುಂಬ ಗುಳ್ಳೆ, ಎರಡೇ ನಿಮಿಷಕ್ಕೆ ಕೆಂಪು. "ಆಯ್ತು ನೋಡಿ" ಅಂತ ಹೆಮ್ಮೆಯಿಂದ ಇಳಿಸಿದಳು. ಆರುತ್ತಿದ್ದಂತೆ ಸಿಪ್ಪೆ ಮೆತ್ತಗಾಗಿ ಚಪಾತಿಯಂತಾಯಿತು, ಒಳಗಿನ ಮಡಿಕೆ ಹಸಿ ಹಿಟ್ಟು. ಪಕ್ಕದ ಅಂಗಡಿಯ ಬೀಗ ರಿಪೇರಿಯವನಿಗೆ ಒಂದು ಕೊಟ್ಟರೆ, ಅವನು ಒಂದು ಕಡಿತ ಕಡಿದು, "ಇದರ ಬೀಗ ನಂಗೂ ತೆಗೆಯೋಕಾಗಲ್ಲ ತಂಗ್ಯಮ್ಮ" ಅಂತ ವಾಪಸ್ ಇಟ್ಟ.

ಮಾರನೇ ದಿನ ಉರಿ ತಗ್ಗಿಸಿದಳು. ಆದರೆ ಕೈ ತಗ್ಗಬೇಕಲ್ಲ. ಉಗುರುಬೆಚ್ಚಗಿರುವುದಕ್ಕಿಂತ ಸ್ವಲ್ಪ ಹೆಚ್ಚು ಕಾದ ಎಣ್ಣೆಯಲ್ಲಿ ಕಚೋರಿ ತಳಕ್ಕೆ ಹೋಗಿ ಸುಮ್ಮನೆ ಕೂರುತ್ತೆ. ಏನೂ ಆಗುತ್ತಿಲ್ಲ ಅನ್ನಿಸುತ್ತೆ. ದಡಬಡಿಗೆ ತಡೆಯಲಿಲ್ಲ. ಜಾಲರಿ ಸೌಟಿನಲ್ಲಿ ಕೆದಕಿದಳು, ಮಗುಚಿದಳು, ಒತ್ತಿದಳು. ಇನ್ನೂ ಗಟ್ಟಿಯಾಗದ ಹಿಟ್ಟು, ಬಾಯಿ ಬಿಟ್ಟುಕೊಂಡಿತು. ಹೂರಣವೆಲ್ಲ ಎಣ್ಣೆಗೆ ಇಳಿದು, ಕರಿದು, ಕಪ್ಪಾಗಿ, ಒಂದು ಬಾಣಲೆ ಎಣ್ಣೆ ಕಹಿಯಾಗಿ ಹೋಯಿತು.

"ಮೇಲೆ ತಾನಾಗೇ ಬರೋವರೆಗೆ ಮುಟ್ಟಬೇಡ" ಅಂದಳು ಅತ್ತೆ, ಸ್ಟೂಲಿನ ಮೇಲಿಂದ. ಎದುರಿಗಿದ್ದವಳು ಸೊಸೆಯೋ ಗೋಡೆಯೋ ಅವಳಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಕಿವಿ ಮಾತ್ರ ಬಾಣಲೆಯಲ್ಲೇ ಇತ್ತು.

ಆಮೇಲಿನ ದಿನಗಳಲ್ಲಿ ದಡಬಡಿ ಸೌಟನ್ನೇ ಹಿಂದಿನ ಕೋಣೆಯಲ್ಲಿ ಇಟ್ಟು ಬಂದಳು. ಹತ್ತಿರವಿದ್ದರೆ ತಾನೆ ಕೈ ಹೋಗುವುದು. ತುಪ್ಪ ಹಾಕಿದ ಮೈದಾವನ್ನು ಮುಷ್ಟಿಯಲ್ಲಿ ಉಂಡೆಯಾಗಿ ನಿಲ್ಲುವವರೆಗೆ ಉಜ್ಜಿದಳು. ಒದ್ದೆ ಬಟ್ಟೆ ಮುಚ್ಚಿ ಕಣಕ ನೆನೆಯಲು ಬಿಟ್ಟಳು. ಅಂಚು ಒಟ್ಟುಗೂಡಿಸಿ ಚಿವುಟಿ ಮುಚ್ಚಿ, ಲಟ್ಟಣಿಗೆ ಮುಟ್ಟದೆ ಅಂಗೈ ಬುಡದಲ್ಲೇ ತಟ್ಟಿದಳು. ಉರಿ ಸಣ್ಣದು, ಎಣ್ಣೆ ಪಿಸುಮಾತು. ಕಚೋರಿ ತಾನಾಗಿಯೇ ಮೇಲೆ ಬಂದು ಉಬ್ಬಿತು. ಎದೆ ಹಿಗ್ಗಿತು. ಅಷ್ಟರಲ್ಲಿ, ಪಟ್. ಒಂದು ಒಡೆಯಿತು. ಪಟ್. ಇನ್ನೊಂದು.

ಎಲ್ಲಾ ಸರಿ ಮಾಡಿದ ಮೇಲೂ ತಪ್ಪುವುದಿದೆಯಲ್ಲ, ಅದು ಮಹಾ ಸಂಕಟ. ತಪ್ಪು ಮಾಡಿ ಬೈಸಿಕೊಂಡರೆ ಒಂದು ನೆಮ್ಮದಿ ಇರುತ್ತೆ. ಅವತ್ತು ಅತ್ತೆ ಬೈಯಲೂ ಇಲ್ಲ. ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ತಡವುತ್ತಾ ಮೇಲೆ ಹೋದಳು. ಒಂದು ಮೆಟ್ಟಿಲು ತಪ್ಪಿ ಮಂಡಿ ತಾಗಿಸಿಕೊಂಡ ಸದ್ದು ಕೆಳಗೆ ಕೇಳಿಸಿತು. ದಡಬಡಿ ಒಲೆ ಆರಿಸಿ ಅಲ್ಲೇ ಕೂತು ಅತ್ತಳು.

"ಹಾಳಾಗಿ ಹೋಗ್ಲಿ, ಎತ್ಕೊಂಡೇ ಹೋಗಿಬಿಡೋಣ ಆಸ್ಪತ್ರೆಗೆ" ಅಂದ ಗಂಡ.

"ಅವರು ಅಕ್ಕಿಮೂಟೆ ಏನ್ರೀ, ಎತ್ಕೊಂಡು ಹೋಗೋಕೆ? ಅಲ್ಲಿ ಹೋಗಿ ಕಣ್ಣು ಮುಚ್ಕೊಂಡು ಕೂತ್ರೆ?"

ಅವನಿಗೂ ಅಮ್ಮ ಗೊತ್ತು.

ಮರುದಿನ ದಡಬಡಿ ಮೊದಲಿನಿಂದ ಶುರು ಮಾಡಿದಳು. ನೆನೆದ ಹೆಸರುಬೇಳೆಯನ್ನು ತರಿತರಿಯಾಗಿ ರುಬ್ಬಿ, ಸೋಂಪು, ಧನಿಯ, ಇಂಗು, ಖಾರದ ಜೊತೆ ಉದುರುದುರಾಗುವವರೆಗೆ ಹುರಿದಳು. ಇಳಿಸಿದ್ದೇ ತಡ, ದಿನದಂತೆ ರಸ್ತೆಯ ಧೂಳು ಬೀಳದಿರಲಿ ಅಂತ ತಟ್ಟೆ ಮುಚ್ಚಿ, ಆ ಹೊತ್ತಿನಲ್ಲಿ ಪಾತ್ರೆ ತೊಳೆದುಬಿಡೋಣ ಅಂತ ಓಡಿದಳು. ಒಂದು ಕೆಲಸ ಆರುವಷ್ಟರಲ್ಲಿ ಇನ್ನೊಂದು ಮುಗಿಸುವುದು ಅವಳ ಜಾತಕ. ಪಾತ್ರೆ ಮುಗಿಸಿ ಬಂದು ತಟ್ಟೆ ಎತ್ತಿದರೆ, ಅದರ ಒಳಮೈಯಿಂದ ನೀರಿನ ಹನಿ ಟಪಟಪ ಅಂತ ಹೂರಣಕ್ಕೆ ಬಿತ್ತು.

ಅವಳು ಹಾಗೇ ನಿಂತಳು. ಜೀವಮಾನದಲ್ಲಿ ಅಷ್ಟು ಹೊತ್ತು ಅವಳು ನಿಂತದ್ದಿಲ್ಲ.

ಅತ್ತೆ ಹುರಿದ ಹೂರಣವನ್ನು ಹಿಂದಿನ ಕೋಣೆಗೆ ಒಯ್ದು, ಅಗಲ ಪರಾತದಲ್ಲಿ ಹರಡಿ, ಫ್ಯಾನಿನ ಕೆಳಗೆ ಬಿಟ್ಟು, ಪಕ್ಕದಲ್ಲಿ ಕಾಲು ಚಾಚಿ ಕೂರುತ್ತಿದ್ದಳು. ಮುದುಕಿಗೆ ಕಾಲು ನೋವು, ಅದಕ್ಕೇ ಆ ಹೊತ್ತು ಕೂರುತ್ತಾಳೆ ಅಂತ ದಡಬಡಿ ಅಂದುಕೊಂಡಿದ್ದಳು. ಈಗ ನೋಡಿದರೆ ಅದು ಆರಿಸುವುದಕ್ಕೆ. ಬಿಸಿಯಲ್ಲಿ ಮುಚ್ಚಿದರೆ ಹಬೆ ಹನಿಯಾಗಿ ಹೂರಣ ಒದ್ದೆ; ಒದ್ದೆ ಹೂರಣ ಎಣ್ಣೆಯಲ್ಲಿ ಮತ್ತೆ ಹಬೆ; ಹಬೆಗೆ ದಾರಿ ಬೇಕು, ಸಿಪ್ಪೆ ಒಡೆಯಿತು. ಇಷ್ಟು ದಿನ ಅತ್ತೆ ಎದುರಿಗೇ ಕೂತಿದ್ದಳು. ಮೊದಲಿನ ಕಣ್ಣಿದ್ದಿದ್ದರೆ ಆ ಮುಚ್ಚಿದ ತಟ್ಟೆಯನ್ನು ಮೊದಲ ದಿನವೇ ಕಂಡು ತಲೆಗೆ ಮೊಟಕುತ್ತಿದ್ದಳು. ಕಾಣದ್ದಕ್ಕೆ ಮೊಟಕಲಿಲ್ಲ.

ದಡಬಡಿ ಆ ಹೂರಣವನ್ನು ಮತ್ತೆ ಹುರಿದು, ಪರಾತದಲ್ಲಿ ಹರಡಿ, ಪಕ್ಕದಲ್ಲಿ ಕೂತಳು. ಕೂತೇ ಇದ್ದಳು. ಅಂಗಡಿ ಗುಡಿಸುವುದು ಬಾಕಿ ಇತ್ತು, ಬಟ್ಟೆ ಒಣಗಿತ್ತು. ಏಳಲಿಲ್ಲ. ಕೈಯಿಟ್ಟರೆ ಪೂರ್ತಿ ತಣ್ಣಗೆ, ಬೆರಳಿಗೆ ಪಸೆ ಇಲ್ಲ ಅನ್ನುವವರೆಗೆ ಕೂತಳು. ಆಮೇಲೆ ಅತ್ತೆಯನ್ನು ಕೈಹಿಡಿದು ಕೆಳಗೆ ಕರೆತಂದಳು.

ಎಣ್ಣೆಗೆ ಒಂದು ಚೂರು ಹಿಟ್ಟು ಬಿಟ್ಟು ನೋಡಿದಳು. ತಳದಲ್ಲಿ ಕೂತು, ಸಣ್ಣ ಗುಳ್ಳೆ ಬಿಡುತ್ತಾ, ನಿಧಾನವಾಗಿ ಎದ್ದಿತು. ಸರಿ. ಕಚೋರಿಗಳನ್ನು ಒಂದೊಂದಾಗಿ ಜಾರಿಸಿದಳು, ಒತ್ತೊತ್ತಾಗಿ ಅಲ್ಲ, ಮೈ ಆಡುವಷ್ಟು ಜಾಗ ಬಿಟ್ಟು. ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಳು. ಒಂದು ಮೇಲೆ ಬಂತು, ಹಿಂದೆಯೇ ಇನ್ನೊಂದು. ಎಲ್ಲವೂ ತೇಲಿ ಉಬ್ಬಿದ ಮೇಲಷ್ಟೇ ಸೌಟು ತಂದು ಮೆಲ್ಲಗೆ ಮಗುಚಿದಳು. ಅಷ್ಟರಲ್ಲಿ ಎಣ್ಣೆಯ ಸದ್ದು ಸ್ವಲ್ಪ ಏರಿತು. ಅತ್ತೆ ಬಾಯಿ ತೆರೆಯುವ ಮೊದಲೇ ಉರಿಯನ್ನು ಇನ್ನೂ ತಗ್ಗಿಸಿದಳು. ಮುದುಕಿ ಬಾಯಿ ಮುಚ್ಚಿದಳು.

ಎಷ್ಟು ಹೊತ್ತಾಯಿತೋ. ಪಟ್ ಅನ್ನುವ ಸದ್ದಿಗೆ ಇಬ್ಬರೂ ಕಾದರು. ಬರಲಿಲ್ಲ. ಒಂದೂ ಒಡೆಯಲಿಲ್ಲ.

ಇಳಿಸಿದ್ದೇ ತಿನ್ನಲು ಕೊಟ್ಟರೆ ಅತ್ತೆ ಕೈ ಅಡ್ಡ ಹಿಡಿದಳು. "ಬಿಸೀಲಿ ಎಲ್ಲಾನೂ ಗರಿಗರಿನೇ. ಆರಿದ ಮೇಲೆ ತಾನೆ ಬಣ್ಣ ಬಯಲಾಗೋದು." ಸರಿ, ಅದಕ್ಕೂ ಕಾದದ್ದಾಯಿತು. ತಣ್ಣಗಾದ ಮೇಲೆ ಮುದುಕಿ ಒಂದನ್ನು ಕಿವಿಯ ಹತ್ತಿರ ಹಿಡಿದು ಉಗುರಿನಲ್ಲಿ ತಟ್ಟಿದಳು. ಟೊಳ್ಳು ಸದ್ದು. ಹೆಬ್ಬೆರಳಿನಲ್ಲಿ ಒತ್ತಿದಳು, ಸಿಪ್ಪೆ ಪದರಪದರವಾಗಿ ಮಡಿಲಿಗೆ ಉದುರಿತು. ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

"ಉಪ್ಪು ಒಂದು ಚೂರು ಮುಂದಾಯ್ತು" ಅಂದಳು ಮುದುಕಿ. ಆಮೇಲೆ, "ನಿನ್ನ ಗಂಡನಿಗೆ ಹೇಳು. ನಾಳೆ ಆಸ್ಪತ್ರೆಗೆ ಹೋಗೋಣ."

ದಡಬಡಿ ಮೆಟ್ಟಿಲು ಎರಡೆರಡು ಹಾರಿಕೊಂಡು ಮೇಲೆ ಓಡಿದಳು. ಓಡಲಿ ಬಿಡಿ, ಅವತ್ತು ಅವಳಿಗೆ ಓಡುವ ಹಕ್ಕಿತ್ತು.

ಆಪರೇಷನ್ ಸುಸೂತ್ರವಾಯಿತು. ಕಣ್ಣಿನ ಒತ್ತಡ ಇಳಿದಿದೆ, ಕಾಣಬೇಕು, ನಿಧಾನವಾಗಿ ಗೊತ್ತಾಗುತ್ತೆ ಅಂದರು ಡಾಕ್ಟರು. 'ಬೇಕು' ಅನ್ನುವ ಮಾತು ದಡಬಡಿಗೆ ಹಿಡಿಸಲಿಲ್ಲ. ಪಟ್ಟಿ ಬಿಚ್ಚಿದ ಮೇಲೂ ಮುದುಕಿ ಕಪ್ಪು ಕನ್ನಡಕ ಹಾಕಿಕೊಂಡು ಮೇಲಿನ ಕೋಣೆಯಲ್ಲೇ ಇದ್ದಳು. ಹೇಗೆ ಕಾಣುತ್ತೆ ಅಂದರೆ "ಕಾಣುತ್ತೆ ಕಾಣುತ್ತೆ" ಅನ್ನುತ್ತಿದ್ದಳು. ಕಣ್ಣು ಮಂಜಾಗಿದ್ದಾಗ ದೀಪದ ಮೇಲೆ, ಹೊಗೆಯ ಮೇಲೆ ದೋಷ ಹಾಕಿದವಳು; ಅವಳ ಮಾತನ್ನು ನಂಬುವುದು ಹೇಗೆ? ದಡಬಡಿ ದಿನವೂ ಬಾಣಲೆಯ ಮುಂದೆ ಕೂತು, ಉರಿ ತಗ್ಗಿಸಿ, ಒಂದು ಬಾಣಲೆ ಕಚೋರಿ ಇಳಿಸಿ ಇನ್ನೊಂದು ಹಾಕುವ ಮೊದಲು ಒಲೆ ಆರಿಸಿ ಎಣ್ಣೆ ತಣಿಸಿ, ಕಾಯುತ್ತಾ, ಅದನ್ನೇ ಯೋಚಿಸುತ್ತಿದ್ದಳು. ಕಚೋರಿ ಚೆನ್ನಾಗಿ ಬಂತು ಅಂತ ಗಿರಾಕಿಗಳು ಹೇಳಿದರೂ ಅವಳ ಕಿವಿ ಮೇಲಿನ ಕೋಣೆಯಲ್ಲೇ ಇರುತ್ತಿತ್ತು.

ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಮುದುಕಿ ತಾನಾಗಿಯೇ ಮೆಟ್ಟಿಲಿಳಿದು ಬಂದು, ಒಲೆಯಿಂದ ದೂರ, ಶಟರಿನ ಬಳಿಯ ಬೆಂಚಿನ ಮೇಲೆ ಕೂತಳು. ಬೀಗ ರಿಪೇರಿಯವನು ಪೊಟ್ಟಣ ಕಟ್ಟಿಸಿಕೊಳ್ಳುತ್ತಿದ್ದ. ದಡಬಡಿ ಬಾಣಲೆಯಿಂದ ಇಳಿಸಲು ಸೌಟು ಎತ್ತಿದಳು.

"ಆ ಎರಡನ್ನ ಬಿಡು" ಅಂದಳು ಅತ್ತೆ ಅಲ್ಲಿಂದಲೇ. "ನಿನ್ನ ಕಡೆ ಅಂಚಲ್ಲಿರೋವು. ಇನ್ನೂ ಬೆಳ್ಳಗಿವೆ. ಇದನ್ನ ಗಿರಾಕಿಗೆ ಕೊಡ್ತೀಯಾ, ನಾಚಿಕೆ ಆಗಲ್ವಾ?"

ದಡಬಡಿ ಬಗ್ಗಿ ನೋಡಿದಳು. ಹೌದು. ಅಂಚಿನ ಎರಡು, ಮಿಕ್ಕವಕ್ಕಿಂತ ಒಂದು ಚೂರು ಬೆಳ್ಳಗೆ. ಅವಳೇ ಗಮನಿಸಿರಲಿಲ್ಲ.

ಸೌಟು ಕೆಳಗಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಬೈಸಿಕೊಂಡು ಅಳುತ್ತಿದ್ದಾಳೆ ಅಂದುಕೊಂಡ ಬೀಗ ರಿಪೇರಿಯವನು, "ಪಾಪ, ಇರಲಿ ಬಿಡಿ ಅಜ್ಜಿ, ನಂಗೆ ಬೆಳ್ಳಗಿದ್ರೂ ನಡೆಯುತ್ತೆ" ಅಂದ.

"ನೀವು ಸುಮ್ನಿರಿ ಅಣ್ಣಾ" ಅಂದಳು ದಡಬಡಿ ಸೆರಗಿನೊಳಗಿಂದ. "ಅವರು ಬೈಲಿ. ಇನ್ನೂ ಬೈಲಿ."