ಎರಡು ಸೆಂಟಿಮೀಟರಿನ ಅಲೆ

ಪ್ರಯೋಗಶಾಲೆಯಲ್ಲಿ ಎಲ್ಲರೂ ಅವಳನ್ನು ಅಲೆಯಕ್ಕ ಅಂತಲೇ ಕರೆಯುತ್ತಿದ್ದರು. ಬಂದರು ಕಟ್ಟುವ ಮೊದಲು ಅದರ ಪುಟ್ಟ ಮಾದರಿಯನ್ನು ನೀರಿನ ತೊಟ್ಟಿಯಲ್ಲಿ ಕಟ್ಟಿ, ಯಂತ್ರದಿಂದ ಅಲೆ ಎಬ್ಬಿಸಿ ನೋಡುವುದು ಅವಳ ಕೆಲಸ. ಕಿಟಕಿಯಿಲ್ಲದ ಹಾಲ್, ಚಪ್ಪಲಿ ಸದಾ ಒದ್ದೆ.

ಹೊಸ ಮೀನುಗಾರಿಕೆ ಬಂದರಿನ ಮಾದರಿಯನ್ನು ಮುಖ್ಯಸ್ಥರ ಒತ್ತಾಯಕ್ಕೆ ಮುನ್ನೂರು ಪಟ್ಟು ಕಿರಿದು ಮಾಡಲಾಗಿತ್ತು. ತೊಟ್ಟಿಯಲ್ಲಿ ಅಷ್ಟಕ್ಕೇ ಜಾಗ. ಹೊರಗೆ ಅಲೆ ಎಬ್ಬಿಸಿದರೂ ಬಂದರಿನ ಒಳಗಿನ ನೀರು ಕನ್ನಡಿಯಂತಿತ್ತು. ಮುಖ್ಯಸ್ಥರು ಖುಷಿಯಾದರು.

ಅವಳಿಗೆ ಮಾತ್ರ ಸಮಾಧಾನವಿಲ್ಲ. ಸಣ್ಣ ದೋಣಿಗಳನ್ನು ಕುಲುಕಿಸುವ, ತುದಿಯಿಂದ ತುದಿಗೆ ಆರು ಮೀಟರ್ ಉದ್ದದ ಅಲೆ ಮಾದರಿಯಲ್ಲಿ ಎರಡು ಸೆಂಟಿಮೀಟರ್ ಇರಬೇಕು. ಫೋಟೋ ತೆಗೆದು ಅಳೆದರೆ ಹೆಚ್ಚುಕಡಿಮೆ ಮೂರು!

ಕಾರಣ ಹೊಳೆಯಲು ತಡವಾಗಲಿಲ್ಲ. ಉದ್ದನೆಯ ಅಲೆಯನ್ನು ಓಡಿಸುವುದು ಗುರುತ್ವ, ಉದ್ದವಾದಷ್ಟೂ ವೇಗ. ತೀರಾ ಚಿಕ್ಕ ಅಲೆಯನ್ನು ಓಡಿಸುವುದು ಬಿಗಿದ ತೊಗಲಿನಂಥ ಮೇಲ್ಮೈ ಎಳೆತ, ಚಿಕ್ಕದಾದಷ್ಟೂ ವೇಗ. ನೀರಿನಲ್ಲಿ ಎರಡರ ಬಲವೂ ಸಮವಾಗುವುದು ಸುಮಾರು ಒಂದೂಮುಕ್ಕಾಲು ಸೆಂಟಿಮೀಟರಿಗೆ. ಅಲ್ಲಿ ಅಲೆಯ ನಡಿಗೆ ಅತಿ ನಿಧಾನ. ಅವಳ ಅಲೆ ಆ ಗಡಿಯ ಪಕ್ಕದಲ್ಲೇ ಇತ್ತು. ಸಮುದ್ರದ ಆರು ಮೀಟರಿನ ಅಲೆಗೆ ಲೆಕ್ಕಕ್ಕೇ ಬಾರದ ಎಳೆತ ಇಲ್ಲಿ ಗುರುತ್ವದ ಜತೆ ತಾನೂ ಜೋರು ಮಾಡುತ್ತಿತ್ತು; ಅದರಿಂದ ಅಲೆಯ ವೇಗ ಹೆಚ್ಚಿ ಉದ್ದವೂ ಹಿಗ್ಗುತ್ತಿತ್ತು. ಸಾಲದ್ದಕ್ಕೆ, ಇಷ್ಟು ಚಿಕ್ಕ ಅಲೆ ಬೇಗ ಸವೆದೂ ಹೋಗುತ್ತದೆ. ಹಾಗಾಗಿ ಒಳಗಿನ ಆ ಶಾಂತಿಯನ್ನು ನಂಬುವಂತಿರಲಿಲ್ಲ.

"ಸರ್, ದೊಡ್ಡ ಅಲೆಗೆ ಈ ಮಾದರಿ ಸರಿ. ಸಣ್ಣ ಅಲೆಗೆ ಆಗಲ್ಲ. ಇನ್ನೂ ದೊಡ್ಡದು ಕಟ್ಟಬೇಕು."

"ಎಲ್ಲಿ ಕಟ್ತೀಯಮ್ಮ, ನನ್ನ ತಲೆ ಮೇಲಾ?" ಎಂದು ಮುಖ್ಯಸ್ಥರು ನಕ್ಕರು. ಆಮೇಲೆ ದನಿ ತಗ್ಗಿಸಿ, "ಕ್ವಾರ್ಟರ್ಸ್‌ನಲ್ಲಿದ್ದೀಯ. ಅತ್ತೆ ಹಾಸಿಗೆ ಹಿಡಿದಿದ್ದಾರೆ. ಯೋಚನೆ ಮಾಡು," ಎಂದರು.

ಅವಳು ಯೋಚಿಸಿದಳು. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಅತ್ತೆಯ ಮಂಚ ಎತ್ತಿಕೊಂಡು ಎಲ್ಲಿಗೆ? ಗಂಡನನ್ನು ಕೇಳಿದರೆ, "ನಿನಗ್ಯಾಕೆ ಊರ ಉಸಾಬರಿ?" ಎಂದು ಮಗ್ಗುಲು ಬದಲಿಸಿದ.

ಆ ಬಂದರು ಬಳಸಲಿರುವ ದೋಣಿಯವರೊಂದಿಗೆ ತೊಟ್ಟಿಯ ಹಾಲ್‌ನಲ್ಲೇ ಸಭೆ ನಡೆಯಿತು. ಅವರ ಸಂಘದ ಮುಖಂಡೆ ತೊಟ್ಟಿಯ ಅಂಚಿಗೆ ಬಂದು ನಿಂತು ನೇರವಾಗಿ ಇವಳನ್ನೇ ಕೇಳಿದಳು: "ತಂಗೀ, ನಮ್ಮ ಚಿಕ್ಕ ದೋಣಿಗಳು ಒಳಗೆ ನೆಮ್ಮದಿಯಾಗಿ ನಿಲ್ತಾವಾ?"

ಮುಖ್ಯಸ್ಥರು ಗಂಟಲು ಸರಿಪಡಿಸಿಕೊಂಡರು. ಅವಳು ಅವರತ್ತ ನೋಡದೆ ಹೇಳಿದಳು:

"ಅದನ್ನ ಈ ಮಾದರಿಯಿಂದ ಹೇಳೋಕಾಗಲ್ಲ ಅಕ್ಕಾ. ಇಷ್ಟು ಸಣ್ಣ ಅಲೆಗೆ ಇಲ್ಲಿ ನೀರಿನ ನಡತೆಯೇ ಬೇರೆ."

ಸಂಘದವರ ಒತ್ತಾಯಕ್ಕೆ, ಬಂದರಿನ ಬಾಯಿಯದ್ದಷ್ಟೇ ದೊಡ್ಡ ಮಾದರಿ ಕಟ್ಟಿ ನೋಡುವ ಕೆಲಸ ಬೇರೊಂದು ಪ್ರಯೋಗಶಾಲೆಗೆ ಹೋಯಿತು. ಸಣ್ಣ ಅಲೆ ಒಳನುಗ್ಗುವುದು ಅಲ್ಲಿ ಖಚಿತವಾಗಿ, ಅಲೆ ತಡೆಯುವ ಗೋಡೆಯ ನಕ್ಷೆ ಬದಲಾಯಿತು.

ಅವಳನ್ನು ಮಾತ್ರ ಯಾರೂ ಕೆಲಸದಿಂದ ತೆಗೆಯಲಿಲ್ಲ, ಬೇರೆಡೆಗೂ ಬಿಡಲಿಲ್ಲ. ಅದೇ ಹಾಲ್‌ನಲ್ಲಿ ಪಂಪುಗಳ ಉಸ್ತುವಾರಿ ಕೊಟ್ಟರು. ಬೇರೆಯವರು ಅಲೆ ಅಳೆಯುವಾಗ ಅವಳು ನೀರು ತುಂಬಿಸುತ್ತಾಳೆ, ಖಾಲಿ ಮಾಡುತ್ತಾಳೆ. ಸಂಜೆ ಮನೆಗೆ ಹೋಗಿ ಅತ್ತೆಯನ್ನು ಮಗ್ಗುಲಿಗೆ ಹೊರಳಿಸಿ ಮಲಗಿಸುತ್ತಾಳೆ.